ನೀರಿನ ಮಟ್ಟ ನೋಡಿ ಒಳಹರಿವು ಹೇಳಬಹುದೆ?

ಉದ್ಯೋಗ ಮಾರ್ಗದರ್ಶನ ಕುರಿತ ನಮ್ಮ ಮಾತುಕತೆ ಪ್ರಸಾರವಾದ ನಂತರ ಬಂದ ಪತ್ರಗಳಲ್ಲಿ ಒಂದು ದಾವಣಗೆರೆಯ ವಿದ್ಯಾರ್ಥಿನಿಯದು. ಆಕೆ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕೈಯಲ್ಲಿ ಎರಡು ಕಂಪನಿಗಳ ಕೆಲಸದ ಪತ್ರಗಳಿವೆ. ಒಂದು ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಸಂಸ್ಥೆ. ಇನ್ನೊಂದು ಸುಮಾರು 6,000 ಜನರಿರುವ ದೊಡ್ಡ ಕಂಪನಿ. "ಲಿಂಕ್ಡ್‌ಇನ್ ತಾಣದಲ್ಲಿ ನೋಡಿದೆ ಸಾರ್. ಸಣ್ಣ ಕಂಪನಿಯ ನೌಕರರ ಸಂಖ್ಯೆ ಒಂದು ವರ್ಷದಲ್ಲಿ ಶೇಕಡಾ 38ರಷ್ಟು ಬೆಳೆದಿದೆ. ದೊಡ್ಡದು ಬರೀ ಶೇಕಡಾ 4. ಸಣ್ಣದೇ ಜೋರಾಗಿ ಜನರನ್ನು ತೆಗೆದುಕೊಳ್ಳುತ್ತಿದೆ ಅಂತ ಅರ್ಥವಲ್ಲವೆ? ಅಲ್ಲಿಗೇ ಸೇರಲೆ?" ಎಂಬುದು ಅವಳ ಪ್ರಶ್ನೆ. ಉತ್ತರ ಹೇಳಲು ಎರಡು ವಾರ ಮಾತ್ರ ಉಳಿದಿತ್ತು.

ಎಲ್ಲಿ ಸೇರಬೇಕೆಂಬುದನ್ನು ನಾವು ಹೇಳಲಾರೆವು. ಆದರೆ ಆ 38 ಎಂಬ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಲೆಕ್ಕ ಹಾಕಿ ನೋಡಬಹುದು. ಇದಕ್ಕೆ ಬೇಕಾಗುವುದು ಕೂಡುವುದು, ಕಳೆಯುವುದು ಮತ್ತು ಸ್ವಲ್ಪ ಅನುಮಾನ.

ಮೊದಲು ಒಂದು ಪರಿಚಿತ ದೃಶ್ಯ. ಮುಂಗಾರು ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಕೃಷ್ಣರಾಜಸಾಗರದ ನೀರಿನ ಮಟ್ಟ ಪ್ರಕಟವಾಗುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಪತ್ರಿಕೆಯವರು ಮೂರು ಅಂಕಿಗಳನ್ನೂ ಏಕೆ ಕೊಡುತ್ತಾರೆ? ಮಟ್ಟವೊಂದನ್ನೇ ಕೊಟ್ಟರೆ ಸಾಲದೆ? ಸಾಲದು. ಅಣೆಕಟ್ಟೆ ತುಂಬಿದ ಮೇಲೆ ಕೊಡಗಿನಲ್ಲಿ ಎಷ್ಟೇ ಮಳೆ ಸುರಿದರೂ ಮಟ್ಟ ಕದಲುವುದಿಲ್ಲ. ಬಂದಷ್ಟೂ ನೀರನ್ನು ಕೆಳಗೆ ಬಿಡುತ್ತಾರೆ. ಮಟ್ಟವನ್ನು ಮಾತ್ರ ನೋಡಿದವನಿಗೆ ಮಳೆಯೇ ನಿಂತಂತೆ ತೋರುತ್ತದೆ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತವನಿಗೆ ನಿಜ ಗೊತ್ತಾಗುತ್ತದೆ.

ಕಂಪನಿಯ ನೌಕರರ ಸಂಖ್ಯೆಯೂ ಒಂದು ಮಟ್ಟವೇ. ಹೊಸದಾಗಿ ಸೇರುವವರು ಒಳಹರಿವು, ಬಿಟ್ಟುಹೋಗುವವರು ಹೊರಹರಿವು. ನಮಗೆ ತಿಳಿಯಬೇಕಾಗಿರುವುದು ಒಳಹರಿವು. ತಾಣ ತೋರಿಸುವುದು ಮಟ್ಟ. ಇವೆರಡರ ಸಂಬಂಧ ಇಷ್ಟೇ:

ಸೇರಿದವರು = ಸಂಖ್ಯೆಯಲ್ಲಾದ ಬದಲಾವಣೆ + ಬಿಟ್ಟವರು

ಇಷ್ಟು ಸರಳ ಸಮೀಕರಣವನ್ನು ಮರೆತರೆ ಎಷ್ಟು ದೊಡ್ಡ ತಪ್ಪಾಗುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಇನ್ಫೋಸಿಸ್ ಕಂಪನಿಯು ಪ್ರತಿ ಮೂರು ತಿಂಗಳಿಗೊಮ್ಮೆ ತನ್ನ ಒಟ್ಟು ನೌಕರರ ಸಂಖ್ಯೆಯನ್ನೂ, ಹಿಂದಿನ ಹನ್ನೆರಡು ತಿಂಗಳಲ್ಲಿ ಸ್ವಇಚ್ಛೆಯಿಂದ ಬಿಟ್ಟುಹೋದವರ ಶೇಕಡಾವಾರನ್ನೂ ಪ್ರಕಟಿಸುತ್ತದೆ. ಅಂದರೆ ಮಟ್ಟವೂ ಹೊರಹರಿವೂ ಎರಡೂ ಸಿಗುತ್ತವೆ. ಒಳಹರಿವನ್ನು ನಾವೇ ಲೆಕ್ಕ ಹಾಕಬಹುದು.

2021ರ ಮಾರ್ಚ್ ಕೊನೆಗೆ ಅಲ್ಲಿದ್ದವರು 2,59,619 ಜನ. ಒಂದು ವರ್ಷದ ನಂತರ, 2022ರ ಮಾರ್ಚ್ ಕೊನೆಗೆ, 3,14,015. ಹೆಚ್ಚಳ 54,396. ಹಾಗಾದರೆ ಆ ವರ್ಷ 54 ಸಾವಿರ ಜನರನ್ನು ತೆಗೆದುಕೊಂಡರೆ? ಇಲ್ಲ. ಆ ವರ್ಷ ಬಿಟ್ಟುಹೋದವರ ಪ್ರಮಾಣ ಶೇಕಡಾ 27.7. ವರ್ಷದ ಆರಂಭ ಮತ್ತು ಕೊನೆಯ ಸಂಖ್ಯೆಗಳ ಸರಾಸರಿ ಸುಮಾರು 2,86,800. ಅದರ ಶೇಕಡಾ 27.7 ಎಂದರೆ ಸುಮಾರು 79,400 ಜನ. ಇಷ್ಟು ಜನ ಹೋದ ಜಾಗವನ್ನೂ ತುಂಬಿ, ಅದರ ಮೇಲೆ 54,400 ಜನ ಹೆಚ್ಚಾಗಬೇಕಾದರೆ ಸೇರಿದವರು ಸುಮಾರು 1,33,800 ಇರಲೇಬೇಕು. ಭಾನುವಾರಗಳನ್ನೂ ಸೇರಿಸಿ ಲೆಕ್ಕ ಹಾಕಿದರೂ ದಿನಕ್ಕೆ 360ಕ್ಕಿಂತ ಹೆಚ್ಚು ಜನ!

ಈಗ ಎರಡು ವರ್ಷ ಮುಂದೆ ಹೋಗೋಣ. 2023ರ ಮಾರ್ಚ್‌ನಲ್ಲಿ 3,43,234 ಇದ್ದ ಸಂಖ್ಯೆ 2024ರ ಮಾರ್ಚ್‌ಗೆ 3,17,240ಕ್ಕೆ ಇಳಿಯಿತು. ಸುಮಾರು 26,000 ಕಡಿಮೆ. ಮಟ್ಟ ಇಳಿದಿದೆಯಲ್ಲ, ಹಾಗಾದರೆ ಯಾರನ್ನೂ ಸೇರಿಸಿಕೊಳ್ಳಲೇ ಇಲ್ಲವೆ? ಅದೂ ಅಲ್ಲ. ಆ ವರ್ಷ ಬಿಟ್ಟವರು ಶೇಕಡಾ 12.6. ಸರಾಸರಿ ಸುಮಾರು 3,30,200. ಅದರಲ್ಲಿ ಬಿಟ್ಟವರು ಸುಮಾರು 41,600. ಇಷ್ಟು ಜನ ಹೋದರೂ ಇಳಿದದ್ದು 26,000 ಮಾತ್ರ. ಆದ್ದರಿಂದ ಸುಮಾರು 15,600 ಜನ ಹೊಸದಾಗಿ ಒಳಗೆ ಬಂದಿರಬೇಕು.

ಇಲ್ಲಿ ಸ್ವಲ್ಪ ನಿಂತು ನೋಡಿ. 2022ರ ಮಾರ್ಚ್‌ನ ಸಂಖ್ಯೆ 3.14 ಲಕ್ಷ, 2024ರ ಮಾರ್ಚ್‌ನ ಸಂಖ್ಯೆ 3.17 ಲಕ್ಷ. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಕಂಪನಿಯ ಬಾಗಿಲಿನಿಂದ ಒಳಗೆ ಹೋದವರ ಸಂಖ್ಯೆ ಆ ಎರಡು ವರ್ಷಗಳಲ್ಲಿ ಎಂಟರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಕುಸಿದಿತ್ತು. ಆ ಹೊತ್ತಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಹೊರಬಂದ ಹುಡುಗ ಹುಡುಗಿಯರಿಗೆ ಮುಖ್ಯವಾದದ್ದು ಮಟ್ಟವಲ್ಲ, ಬಾಗಿಲು.

ನಮ್ಮ ಲೆಕ್ಕ ಅಂದಾಜಿನದು ಎಂಬುದನ್ನೂ ಹೇಳಬೇಕು. ಕಂಪನಿ ಪ್ರಕಟಿಸುವ ಶೇಕಡಾವಾರು ತಾವಾಗಿ ಬಿಟ್ಟವರದು, ಅದೂ ಐಟಿ ಸೇವೆಗಳ ವಿಭಾಗದ್ದು. ನೌಕರರ ಸಂಖ್ಯೆಯಾದರೋ ಇಡೀ ಸಮೂಹದ್ದು. ಕಂಪನಿಯೇ ಕಳುಹಿಸಿದವರು ಇದರಲ್ಲಿ ಸೇರಿಲ್ಲ. ಆದ್ದರಿಂದ ನಿಜವಾದ ಒಳಹರಿವು ನಮ್ಮ ಅಂಕಿಗಿಂತ ಸ್ವಲ್ಪ ಹೆಚ್ಚೇ ಇದ್ದೀತು. ಕೆಲವು ಸಾವಿರ ಆಚೀಚೆ ಆಗಬಹುದು; ಒಂದು ಲಕ್ಷ ಮೂವತ್ತಮೂರು ಸಾವಿರ ಮತ್ತು ಹದಿನೈದು ಸಾವಿರದ ನಡುವಿನ ವ್ಯತ್ಯಾಸ ಅದರಿಂದ ಅಳಿಸಿಹೋಗುವುದಿಲ್ಲ.

ಇದು ಷೇರುಪೇಟೆಯಲ್ಲಿರುವ, ಅಂಕಿಅಂಶ ಪ್ರಕಟಿಸುವ ಕಂಪನಿಯ ಮಾತಾಯಿತು. ನಮ್ಮ ವಿದ್ಯಾರ್ಥಿನಿಗೆ ಪತ್ರ ಕೊಟ್ಟ ಸಣ್ಣ ಸಂಸ್ಥೆಯಂಥವು ಇದಾವುದನ್ನೂ ಪ್ರಕಟಿಸುವುದಿಲ್ಲ. ಅದಕ್ಕೇ ಜನ ಲಿಂಕ್ಡ್‌ಇನ್‌ನಂಥ ತಾಣಗಳ ಕಡೆ ನೋಡುತ್ತಾರೆ. ಹಾಗಾದರೆ ಆ ತಾಣದಲ್ಲಿ ಕಾಣುವ ಸಂಖ್ಯೆ ಯಾವುದು?

ಅಲ್ಲಿ ಎರಡು ಬೇರೆ ಬೇರೆ ಸಂಖ್ಯೆಗಳಿವೆ. ಅನೇಕರು ಇವನ್ನು ಒಂದೇ ಎಂದು ತಿಳಿಯುತ್ತಾರೆ. ಕಂಪನಿಯ ಪುಟದಲ್ಲಿ 51-200 ಅಥವಾ 201-500 ಎಂಬಂತೆ ಒಂದು ಗಾತ್ರ ಬರೆದಿರುತ್ತದೆ. ಅದು ಕಂಪನಿಯವರೇ ಪಟ್ಟಿಯಿಂದ ಆರಿಸಿ ಹಾಕಿದ್ದು. ಐದು ವರ್ಷ ಹಿಂದೆ ಹಾಕಿ ಮರೆತಿರಲೂಬಹುದು. ಅದು ಅಳತೆಯಲ್ಲ, ನಾಮಫಲಕ. ಅದರ ಹತ್ತಿರವೇ associated members ಎಂದು ಇನ್ನೊಂದು ಸಂಖ್ಯೆ ಕಾಣುತ್ತದೆ. ತಾಣದ ಸದಸ್ಯರಲ್ಲಿ ಎಷ್ಟು ಜನ "ನಾನು ಈಗ ಕೆಲಸ ಮಾಡುತ್ತಿರುವುದು ಇಲ್ಲಿ" ಎಂದು ತಮ್ಮ ಪರಿಚಯದಲ್ಲಿ ಬರೆದು, ಆ ಕಂಪನಿಯ ಪುಟಕ್ಕೆ ಜೋಡಿಸಿಕೊಂಡಿದ್ದಾರೋ ಅವರ ಎಣಿಕೆ ಅದು. ಹಣ ಕೊಟ್ಟು ಸದಸ್ಯರಾದವರಿಗೆ ಇದೇ ಎಣಿಕೆಯ ಎರಡು ವರ್ಷದ ರೇಖಾಚಿತ್ರವೂ, ಆರು ತಿಂಗಳ ಮತ್ತು ಒಂದು ವರ್ಷದ ಬೆಳವಣಿಗೆಯ ಶೇಕಡಾವಾರೂ ಸಿಗುತ್ತವೆ. ವಿದ್ಯಾರ್ಥಿನಿ ಕಂಡ 38 ಅಲ್ಲಿಯದು.

ಇದರ ಅರ್ಥವೇನೆಂದರೆ, ಈ ಎಣಿಕೆಯನ್ನು ಮಾಡಿದವರು ಕಂಪನಿಯ ಹಾಜರಿ ಪುಸ್ತಕ ಇಟ್ಟವರಲ್ಲ. ನೌಕರರು ತಮ್ಮ ತಮ್ಮ ಮನೆಯಲ್ಲಿ ಕುಳಿತು ತಾವೇ ಹಾಜರಿ ಹಾಕಿಕೊಂಡಿದ್ದಾರೆ. ಕೆಲವರು ಹಾಕಿಲ್ಲ. ಕೆಲವರು ಬಿಟ್ಟು ಹೋದರೂ ಅಳಿಸಿಲ್ಲ. ಅಲ್ಲಿಗೆ ಬರದೇ ಇದ್ದವರೂ ಹಾಕಿರಬಹುದು.

ಕೊನೆಯ ಮಾತು ತಮಾಷೆಯಲ್ಲ. 2022ರ ಅಕ್ಟೋಬರ್ 10ರಂದು ಲಿಂಕ್ಡ್‌ಇನ್‌ನಲ್ಲಿ ತಾವು ಆಪಲ್ ಕಂಪನಿಯ ನೌಕರರೆಂದು ಹೇಳಿಕೊಂಡ ಖಾತೆಗಳು ಸುಮಾರು 5 ಲಕ್ಷ 76 ಸಾವಿರ ಇದ್ದವು. ಮರುದಿನ ನೋಡಿದರೆ ಸುಮಾರು 2 ಲಕ್ಷ 85 ಸಾವಿರ. ಒಂದೇ ರಾತ್ರಿಯಲ್ಲಿ ಅರ್ಧಕ್ಕರ್ಧ ಮಾಯ! ಅಮೆಜಾನ್‌ನದೂ ಅದೇ ದಿನ ಮೂರನೆಯ ಒಂದು ಪಾಲು ಕಡಿಮೆಯಾಗಿ ಸುಮಾರು 8 ಲಕ್ಷ 38 ಸಾವಿರಕ್ಕೆ ಇಳಿಯಿತು. ಯಾರ ಕೆಲಸವೂ ಹೋಗಿರಲಿಲ್ಲ. ಯಂತ್ರಗಳಿಂದ ರಾಶಿ ರಾಶಿಯಾಗಿ ತೆರೆಯಲಾಗುತ್ತಿದ್ದ ನಕಲಿ ಖಾತೆಗಳ ಹಾವಳಿ ವರದಿಯಾಗುತ್ತಿದ್ದ ಕಾಲ ಅದು; ಅಂಥವನ್ನು ತಾಣ ಕಿತ್ತುಹಾಕಿತ್ತು. ರೇಖಾಚಿತ್ರವನ್ನು ಮಾತ್ರ ನೋಡಿದವರಿಗೆ ಚರಿತ್ರೆಯಲ್ಲೇ ದೊಡ್ಡ ಉದ್ಯೋಗ ಕಡಿತ ನಡೆದಂತೆ ಕಂಡಿರಬೇಕು.

ಈ ಎರಡು ಕಂಪನಿಗಳ ನಿಜವಾದ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಒಂದು ಸ್ವಾರಸ್ಯ ತಿಳಿಯುತ್ತದೆ. ಆಪಲ್ ತನ್ನ 2022ರ ವಾರ್ಷಿಕ ವರದಿಯಲ್ಲಿ ಪೂರ್ಣಾವಧಿ ಲೆಕ್ಕದಲ್ಲಿ ಸುಮಾರು 1 ಲಕ್ಷ 64 ಸಾವಿರ ನೌಕರರಿದ್ದಾರೆಂದು ತಿಳಿಸಿತ್ತು. ಅಂದರೆ ನಕಲಿ ಖಾತೆಗಳನ್ನು ತೆಗೆದ ಮೇಲೂ ತಾಣದ ಎಣಿಕೆ ನಿಜಕ್ಕಿಂತ ಬಹಳ ಹೆಚ್ಚು. ಬಿಟ್ಟುಹೋದವರು, ಗುತ್ತಿಗೆಯವರು, ಬೇರೆಯವರ ಅಂಗಡಿಯಲ್ಲಿ ಆಪಲ್ ಸಾಮಾನು ಮಾರುವವರು, ಇನ್ನೂ ಉಳಿದ ನಕಲಿಗಳು, ಎಲ್ಲ ಇರಬಹುದು. ಅಮೆಜಾನ್‌ನದು ಇದಕ್ಕೆ ತದ್ವಿರುದ್ಧ. 2022ರ ಕೊನೆಗೆ ಅದರ ನೌಕರರು ಸುಮಾರು 15 ಲಕ್ಷ 40 ಸಾವಿರ. ತಾಣದ ಎಣಿಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸಗಾರನಿಗೆ ಇಂಥ ತಾಣದಲ್ಲಿ ತನ್ನ ಪರಿಚಯ ಬರೆಯುವ ಅಗತ್ಯವೇನು?

ನಿಜವಾದ ಸಂಖ್ಯೆಯಲ್ಲಿ ಎಷ್ಟು ಭಾಗ ತಾಣದಲ್ಲಿ ಕಾಣುತ್ತದೆಯೋ ಅದನ್ನು ವ್ಯಾಪ್ತಿ ಎಂದು ಕರೆಯೋಣ. ವ್ಯಾಪ್ತಿ ಸಾಫ್ಟ್‌ವೇರ್ ಕಂಪನಿಗೆ ಒಂದು ಬಗೆ, ಗಾರ್ಮೆಂಟ್ಸ್ ಕಾರ್ಖಾನೆಗೆ ಇನ್ನೊಂದು ಬಗೆ. ಆದರೆ ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಹಾಲಿನವನ ಅಳತೆಪಾತ್ರೆ ಯಾವಾಗಲೂ ಹತ್ತರಲ್ಲಿ ಒಂದು ಪಾಲು ಕಡಿಮೆ ಅಳೆಯುತ್ತದೆ ಎಂದಿಟ್ಟುಕೊಳ್ಳಿ. ಅವನು ಎಷ್ಟು ಹಾಲು ಕೊಟ್ಟ ಎನ್ನುವುದನ್ನು ಅದರಿಂದ ಸರಿಯಾಗಿ ತಿಳಿಯಲಾಗದು. ಆದರೆ ಹೋದ ತಿಂಗಳಿಗಿಂತ ಈ ತಿಂಗಳು ಶೇಕಡಾ 20 ಹೆಚ್ಚು ಕೊಂಡಿರಿ ಎಂಬುದನ್ನು ಅದೇ ಪಾತ್ರೆಯಿಂದ ತಿಳಿಯಬಹುದು. ಪಾತ್ರೆ ಬದಲಾಗಬಾರದು, ಅಷ್ಟೆ. ಹಾಗೆಯೇ, ವ್ಯಾಪ್ತಿ ಎಷ್ಟೇ ಇರಲಿ, ವರ್ಷದುದ್ದಕ್ಕೂ ಒಂದೇ ಇದ್ದರೆ ಬೆಳವಣಿಗೆಯ ಶೇಕಡಾವಾರು ಸರಿಯಾಗಿಯೇ ಬರುತ್ತದೆ. ತೊಂದರೆಯೆಲ್ಲ ವ್ಯಾಪ್ತಿಯೇ ಬದಲಾದಾಗ.

ಅದು ಬದಲಾಗುವುದಕ್ಕೆ ಕಾರಣಗಳು ಬಹಳ. ಕಂಪನಿ ಹೊಸದಾಗಿ ಪುಟ ತೆರೆದು "ಎಲ್ಲರೂ ನಿಮ್ಮ ಪರಿಚಯವನ್ನು ಇದಕ್ಕೆ ಜೋಡಿಸಿ" ಎಂದು ಹಳೆಯ ನೌಕರರಿಗೆ ಹೇಳಿದರೆ, ಒಬ್ಬರೂ ಹೊಸದಾಗಿ ಸೇರದೆ ಎಣಿಕೆ ಜಿಗಿಯುತ್ತದೆ. ಇನ್ನೊಂದು ಕಂಪನಿಯನ್ನು ಕೊಂಡುಕೊಂಡರೂ ಹಾಗೆಯೇ. ರೇಖೆ ಓರೆಯಾಗಿ ಏರದೆ ಮೆಟ್ಟಿಲಿನಂತೆ ಏರುತ್ತದೆ. ಇಂಥ ಮೆಟ್ಟಿಲು ಕಂಡಾಗಲೆಲ್ಲ ಅನುಮಾನಪಡಬೇಕು. ಜನರನ್ನು ಸೇರಿಸಿಕೊಳ್ಳುವ ಕೆಲಸ ಸಂದರ್ಶನ, ಪತ್ರ, ಹಳೆಯ ಕಂಪನಿಯಲ್ಲಿ ಎರಡು ಮೂರು ತಿಂಗಳ ನೋಟಿಸ್ ಅವಧಿ ಎಂದು ನಿಧಾನವಾಗಿ ಸಾಗುವಂಥದು. ಕಾಲೇಜುಗಳಿಂದ ಗುಂಪಾಗಿ ಕರೆದುಕೊಳ್ಳುವ ತಿಂಗಳುಗಳನ್ನು ಬಿಟ್ಟರೆ ಅದು ಒಂದೇ ವಾರದಲ್ಲಿ ಜಿಗಿಯುವುದು ಅಪರೂಪ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಹೊಸ ಕೆಲಸ ಸಿಕ್ಕವರು ಆ ಸುದ್ದಿಯನ್ನು ತಡಮಾಡದೆ ಹಾಕುತ್ತಾರೆ, ಸಂತೋಷದ ಸುದ್ದಿಯಲ್ಲವೆ? ಕೆಲಸ ಕಳೆದುಕೊಂಡವರು ಹಾಗಲ್ಲ. ಮುಂದಿನ ಕೆಲಸ ಸಿಗುವವರೆಗೆ ಹಳೆಯ ಹೆಸರನ್ನೇ ಉಳಿಸಿಕೊಳ್ಳುವವರು ಬೇಕಾದಷ್ಟು ಜನ. ಅದು ಸುಳ್ಳು ಹೇಳುವ ಉದ್ದೇಶವಲ್ಲ, ಸಂಕೋಚ. ಆದರೆ ಇದರ ಪರಿಣಾಮವಾಗಿ ಒಳಹರಿವು ತಾಣದಲ್ಲಿ ಬೇಗ ದಾಖಲಾಗುತ್ತದೆ, ಹೊರಹರಿವು ತಿಂಗಳುಗಟ್ಟಲೆ ತಡವಾಗಿ ದಾಖಲಾಗುತ್ತದೆ. ಕಂಪನಿ ಬೆಳೆಯುತ್ತಿರುವಾಗ ಈ ದೋಷ ಚಿಕ್ಕದು. ಕಂಪನಿ ಕುಗ್ಗತೊಡಗಿದಾಗ ರೇಖೆ ಸ್ವಲ್ಪ ಕಾಲ ಮೇಲೆಯೇ ನಿಂತು ನಮ್ಮನ್ನು ದಾರಿತಪ್ಪಿಸುತ್ತದೆ. ಯಾವಾಗ ಎಚ್ಚರಿಕೆ ಬೇಕೋ ಆಗಲೇ ಅದು ಕೈಕೊಡುತ್ತದೆ ಎನ್ನುವುದು ಈ ವಿಧಾನದ ದೊಡ್ಡ ಕುಂದು ಎಂದು ನನಗನ್ನಿಸುತ್ತದೆ.

ಸರಿ, ಈಗ ದಾವಣಗೆರೆಯ ಪತ್ರಕ್ಕೆ ಹಿಂತಿರುಗೋಣ. ಶೇಕಡಾ 38 ಎಂದರೆ ಎಷ್ಟು ಜನ ಎಂದು ಕೇಳಿ ನಾವು ಬರೆದೆವು. ಆಕೆ ನೋಡಿ ತಿಳಿಸಿದಳು: ಒಂದು ವರ್ಷದ ಹಿಂದೆ 29, ಈಗ 40. ಹೆಚ್ಚಳ 11. ಅದೇ ದೊಡ್ಡ ಕಂಪನಿಯ 6,000 ಜನಕ್ಕೆ ಶೇಕಡಾ 4 ಎಂದರೆ 240. ಅಲ್ಲಿ ವರ್ಷಕ್ಕೆ ಶೇಕಡಾ 12ರಷ್ಟು ಜನ ಬಿಡುತ್ತಾರೆಂದು ಸುಮ್ಮನೆ ಊಹಿಸಿದರೂ, ಅವರ ಜಾಗ ತುಂಬುವುದಕ್ಕೇ ಏಳುನೂರಕ್ಕಿಂತ ಹೆಚ್ಚು ಜನ ಬೇಕು. ಒಟ್ಟಿನಲ್ಲಿ ಸಾವಿರದ ಹತ್ತಿರ ಜನ ಸೇರಿರಬೇಕು. ಸಣ್ಣ ಮೊತ್ತದ ಮೇಲೆ ಶೇಕಡಾವಾರು ಹಾಕಿದರೆ ಅದು ಕುಣಿಯುತ್ತದೆ. 29 ಜನರಲ್ಲಿ ಇನ್ನೊಬ್ಬ ಸೇರಿದರೂ ಶೇಕಡಾ 3ಕ್ಕಿಂತ ಹೆಚ್ಚು.

ಆದರೆ ಸಣ್ಣ ಕಂಪನಿಯಲ್ಲಿ ಒಂದು ಅನುಕೂಲವೂ ಇದೆ. ನಲವತ್ತು ಜನರ ಪರಿಚಯವನ್ನು ಒಂದು ಸಂಜೆಯಲ್ಲಿ ಕುಳಿತು ಕಣ್ಣಾರೆ ಓದಬಹುದು. ಯಂತ್ರವಿಟ್ಟು ಮಾಹಿತಿ ಬಾಚಿಕೊಳ್ಳುವುದನ್ನು ಆ ತಾಣದ ನಿಯಮಗಳು ನಿಷೇಧಿಸುತ್ತವೆ. ಓದಿ ಪುಸ್ತಕದಲ್ಲಿ ಗೆರೆ ಎಳೆಯುವುದಕ್ಕೆ ಅಡ್ಡಿಯಿಲ್ಲ. ಹೆಸರು ಬರೆದುಕೊಳ್ಳುವ ಅಗತ್ಯವೂ ಇಲ್ಲ, ಗೆರೆಗಳು ಸಾಕು. ಪ್ರತಿಯೊಬ್ಬರ ಪರಿಚಯದಲ್ಲೂ ಈ ಕೆಲಸಕ್ಕೆ ಸೇರಿದ ತಿಂಗಳು ಮತ್ತು ವರ್ಷ ಬರೆದಿರುತ್ತದೆ. ಈ ಒಂದು ಸಾಲು ರೇಖಾಚಿತ್ರಕ್ಕಿಂತ ಹೆಚ್ಚು ಬೆಲೆಬಾಳುವಂಥದು. ಏಕೆಂದರೆ ಹಳೆಯ ನೌಕರ ತಡವಾಗಿ ಖಾತೆ ತೆರೆದರೆ ಮೊತ್ತ ಏರುತ್ತದೆ, ಆದರೆ ಅವನು ಬರೆಯುವ ತಾರೀಖು ಹಳೆಯದೇ ಆಗಿರುತ್ತದೆ. ನಿಜವಾಗಿ ಹೊಸಬನಾದರೆ ತಾರೀಖೂ ಹೊಸದು.

ಆಕೆ ಎಣಿಸಿದಳು. ನಲವತ್ತು ಜನರಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಸೇರಿದವರು 9 ಮಾತ್ರ. ಉಳಿದ 31 ಜನ ಅದಕ್ಕೂ ಮೊದಲಿನಿಂದ ಇದ್ದವರು. ಅರೆ, ಒಂದು ವರ್ಷದ ಹಿಂದೆ ತಾಣ ತೋರಿಸುತ್ತಿದ್ದದ್ದು ಒಟ್ಟು 29. ಈಗಲೂ ಉಳಿದಿರುವ ಹಳಬರೇ 31! ಇಲ್ಲಿಗೇ ತಿಳಿಯಿತಲ್ಲ, ಆಗಿನ ಎಣಿಕೆ ನಿಜಕ್ಕಿಂತ ಕಡಿಮೆಯಿತ್ತು.

ಇನ್ನು ಹೊರಹರಿವು. ತಾಣದಲ್ಲಿ ಹುಡುಕುವಾಗ ಹಿಂದೆ ಆ ಕಂಪನಿಯಲ್ಲಿದ್ದವರನ್ನು ಬೇರೆಯಾಗಿ ತೆಗೆದು ನೋಡಬಹುದು. ಅಂಥವರಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಬಿಟ್ಟವರು 6 ಜನ. ಆರೂ ಜನ ವರ್ಷದ ಹಿಂದೆ ಕೆಲಸದಲ್ಲಿದ್ದವರೇ. ಹಾಗಾದರೆ ಒಂದು ವರ್ಷದ ಹಿಂದೆ ನಿಜವಾಗಿ ಇದ್ದವರು 31 ಮತ್ತು 6, ಒಟ್ಟು 37. ಆಗ 37, ಈಗ 40. ಬೆಳವಣಿಗೆ ಶೇಕಡಾ 38 ಅಲ್ಲ, ಸುಮಾರು 8. ಉಳಿದ 8 ಜನ ಹಳಬರೇ, ವರ್ಷದ ನಡುವೆ ತಾಣದ ಪುಟಕ್ಕೆ ತಮ್ಮನ್ನು ಜೋಡಿಸಿಕೊಂಡವರು.

ಲೆಕ್ಕ ತಾಳೆಯಾಗುತ್ತದೆಯೆ ನೋಡಿ: 29ಕ್ಕೆ ಸೇರಿದ 9 ಕೂಡಿಸಿ, ಬಿಟ್ಟ 6 ಕಳೆದರೆ 32. ತಾಣ ತೋರಿಸುವುದು 40. ವ್ಯತ್ಯಾಸ 8. ತಾಳೆಯಾಗದೆ ಉಳಿಯುವ ಈ ಸಂಖ್ಯೆಯೇ ವ್ಯಾಪ್ತಿ ಎಷ್ಟು ಬದಲಾಯಿತೆಂಬುದರ ಗುರುತು. ಅದು ಸೊನ್ನೆಯ ಹತ್ತಿರವಿದ್ದರೆ ರೇಖಾಚಿತ್ರವನ್ನು ನಂಬಬಹುದು. ಸೇರಿದವರ ಸಂಖ್ಯೆಯಷ್ಟೇ ದೊಡ್ಡದಾಗಿದ್ದರೆ, ಇಲ್ಲಿ ಆದಂತೆ, ರೇಖಾಚಿತ್ರವನ್ನು ಪಕ್ಕಕ್ಕಿಡುವುದೇ ಲೇಸು.

ಇನ್ನೊಂದು ಜರಡಿ ಉಳಿದಿದೆ. ಹಳಬರೆಂದು ಎಣಿಸಿದ 31 ಜನರಲ್ಲಿ ಇಬ್ಬರ ಪರಿಚಯದಲ್ಲಿ ಇನ್ನೊಂದು ಕಂಪನಿಯ ಕೆಲಸವೂ "ಈಗಿನದು" ಎಂದೇ ಬರೆದಿತ್ತು. ಇಬ್ಬರೂ ಅಲ್ಲಿ ಸೇರಿ ಕೆಲವು ತಿಂಗಳಾಗಿತ್ತು. ಹಳೆಯದನ್ನು ಮುಗಿಸಲು ಮರೆತಿದ್ದಾರೆ ಎಂದುಕೊಳ್ಳುವುದು ಸಹಜ. ಅವರನ್ನೂ ಬಿಟ್ಟವರ ಕಡೆ ಹಾಕಿದರೆ ಈಗ ಇರುವವರು 38, ಬಿಟ್ಟವರು 8, ವರ್ಷದ ಹಿಂದೆ ಇದ್ದವರು ಅದೇ 37. ಬೆಳವಣಿಗೆ ಶೇಕಡಾ 3ಕ್ಕೂ ಕಡಿಮೆ. ಮೂವತ್ತೆಂಟು ಎಂಟಾಯಿತು, ಎಂಟು ಮೂರಾಯಿತು. ಆದರೆ ಒಂದನ್ನು ಗಮನಿಸಿ: ಸೇರಿದವರು ಎಲ್ಲ ಲೆಕ್ಕದಲ್ಲೂ 9 ಜನರೇ. ಒಳಹರಿವು ಬದಲಾಗಲಿಲ್ಲ, ಹೊರಹರಿವೂ ಸುಮಾರು ಅಷ್ಟೇ ಇದೆ ಎಂಬುದು ಬಯಲಾಯಿತು. ಇದು ಬೆಳೆಯುತ್ತಿರುವ ಕಂಪನಿಯಲ್ಲ, ಜನ ಬಂದು ಹೋಗುತ್ತಿರುವ ಕಂಪನಿ.

ಆ ಒಂಬತ್ತು ಜನ ಎಂಥವರು? ಇದನ್ನೂ ನೋಡೆಂದು ನಾವು ಬರೆದಿದ್ದೆವು. ಐದು ಜನ ಬೇರೆಡೆ ಕೆಲಸ ಮಾಡಿ ಬಂದ ಅನುಭವಿಗಳು. ಇಬ್ಬರು ಆರು ತಿಂಗಳ ತರಬೇತಿಗೆ ಬಂದ ವಿದ್ಯಾರ್ಥಿಗಳು. ತಾಣ ಇವರನ್ನೂ ನೌಕರರೆಂದೇ ಎಣಿಸುತ್ತದೆ. ಕಾಲೇಜಿನಿಂದ ನೇರವಾಗಿ ಕೆಲಸಕ್ಕೆ ಬಂದವರು ಇಬ್ಬರು. ಅವಳಿಗೆ ನಿಜವಾಗಿ ಬೇಕಾಗಿದ್ದ ಅಂಕಿ ಈ ಕೊನೆಯದು.

ತಾಣವನ್ನು ಬಿಟ್ಟು ಬೇರೆ ಸಾಕ್ಷಿ ಇಲ್ಲವೆ ಎಂದು ಕೆಲವರಾದರೂ ಕೇಳಬಹುದು. ನಮ್ಮ ದೇಶದಲ್ಲಿ ಒಂದಿದೆ; ಅದು ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಭವಿಷ್ಯನಿಧಿಗೆ, ಅಂದರೆ ಪಿಎಫ್‌ಗೆ, ತಿಂಗಳು ತಿಂಗಳೂ ವಂತಿಗೆ ಕಟ್ಟಬೇಕು. ಒಂದು ತಿಂಗಳ ವಂತಿಗೆಗೆ ಮುಂದಿನ ತಿಂಗಳ 15ನೆಯ ತಾರೀಖು ಗಡುವು. ಭವಿಷ್ಯನಿಧಿ ಸಂಘಟನೆಯ ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ, ಯಾವ ತಿಂಗಳು ಎಷ್ಟು ಜನರ ಪರವಾಗಿ ಹಣ ಕಟ್ಟಲಾಗಿದೆ ಎಂಬ ಪಟ್ಟಿಯನ್ನು ಸಾರ್ವಜನಿಕರು ನೋಡಲು ಅವಕಾಶ ಕಲ್ಪಿಸಲಾಗಿದೆ. ಇಲ್ಲಿ ಸಂಕೋಚಕ್ಕೂ ಮರೆವಿಗೂ ಜಾಗ ಕಡಿಮೆ. ಬಿಟ್ಟವನ ಪರವಾಗಿ ಕಂಪನಿ ಸುಮ್ಮನೆ ಹಣ ಕಟ್ಟುವುದಿಲ್ಲವಷ್ಟೆ. ಇದಕ್ಕೂ ಇತಿಮಿತಿಗಳಿವೆ: ಒಂದೇ ಕಂಪನಿಗೆ ಎರಡು ಮೂರು ಪಿಎಫ್ ಸಂಖ್ಯೆಗಳಿರಬಹುದು, ಗುತ್ತಿಗೆಯವರು ಗುತ್ತಿಗೆದಾರನ ಲೆಕ್ಕದಲ್ಲಿರುತ್ತಾರೆ, ಕೆಲವು ನೌಕರರು ಪಿಎಫ್‌ನಿಂದ ಹೊರಗಿರಬಹುದು. ಅದೂ ಮಟ್ಟವನ್ನೇ ತೋರಿಸುತ್ತದೆ, ಒಳಹರಿವನ್ನಲ್ಲ. ಆದರೆ ಎರಡು ಬೇರೆ ಬೇರೆ ಪಾತ್ರೆಗಳಿಂದ ಅಳೆದಾಗ ರೇಖೆಗಳು ಒಂದೇ ದಿಕ್ಕಿಗೆ ಹೋಗುತ್ತಿವೆಯೆ ಎಂದು ನೋಡಬಹುದು. ತಾಣದ ರೇಖೆ ಏರುತ್ತ, ಪಿಎಫ್ ರೇಖೆ ಚಪ್ಪಟೆಯಾಗಿದ್ದರೆ ನಾನು ಎರಡನೆಯದನ್ನು ನಂಬುತ್ತೇನೆ.

ಈ ವಿಧಾನವನ್ನು ನೀವೂ ಪ್ರಯತ್ನಿಸುವುದಾದರೆ ಒಂದು ಸೂಚನೆ. ಹಣ ಕೊಡದ ಸದಸ್ಯರಿಗೆ ಹಿಂದಿನ ತಿಂಗಳ ಎಣಿಕೆ ಸಿಗುವುದಿಲ್ಲ, ಇಂದಿನದು ಮಾತ್ರ. ಆದ್ದರಿಂದ ನಿಮಗೆ ಆಸಕ್ತಿಯಿರುವ ನಾಲ್ಕೈದು ಕಂಪನಿಗಳ ಎಣಿಕೆಯನ್ನು ಪ್ರತಿ ತಿಂಗಳ ಒಂದನೆಯ ತಾರೀಖು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೊಂದು ತಿಂಗಳ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಮೂರು ಮೂರು ತಿಂಗಳ ಸರಾಸರಿ ತೆಗೆದು ಹೋಲಿಸಿ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಯಾರ ಬಳಿಯೂ ಇಲ್ಲದ ಒಂದು ದಾಖಲೆ ನಿಮ್ಮ ಬಳಿ ಇರುತ್ತದೆ.

ದಾವಣಗೆರೆಯಿಂದ ಮೂರನೆಯ ಪತ್ರ ಮೊನ್ನೆ ಬಂತು. ಆಕೆ ಸಣ್ಣ ಕಂಪನಿಗೆ ಫೋನ್ ಮಾಡಿ ನೇರವಾಗಿಯೇ ಕೇಳಿದಳಂತೆ: ಕಳೆದ ಒಂದು ವರ್ಷದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು? ಸೇರಿದವರು ಹನ್ನೊಂದು ಎಂದರಂತೆ. ಅವಳ ಎಣಿಕೆ ಒಂಬತ್ತು. ಹಾಗಾದರೆ ಇಬ್ಬರು ತಾಣದಲ್ಲಿಲ್ಲ, ಇಲ್ಲವೇ ಸೇರಿ ಬೇಗನೆ ಬಿಟ್ಟವರು. ಬಿಟ್ಟವರ ಸಂಖ್ಯೆ ಸದ್ಯಕ್ಕೆ ಕೈಯಲ್ಲಿಲ್ಲ, ನೋಡಿ ಹೇಳುತ್ತೇವೆ ಎಂದರಂತೆ. ಪತ್ರ ಬರೆಯುವವರೆಗೆ ಹೇಳಿರಲಿಲ್ಲ. ದೊಡ್ಡ ಕಂಪನಿಗೆ ಒಪ್ಪಿಗೆ ಕಳುಹಿಸಲು ಅವಳಿಗೆ ಇನ್ನೂ ನಾಲ್ಕು ದಿನವಿತ್ತು.